ಎತ್ತರ ತಪ್ಪಿದ ಹಿಸ್ಟೋಗ್ರಾಮ್

ನಾಚಾರಂ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಸಮುದಾಯ ಆರೋಗ್ಯ ಕಲಿಸುತ್ತೇನೆ. ಉತ್ತರ ಪತ್ರಿಕೆಗಳನ್ನು ಮನೆಗೆ ತಂದು, ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಹಳೇ ಸೀರೆ ಹಾಸಿ ತಿದ್ದುವುದು ನನ್ನ ರೂಢಿ. ಸೀರೆ ಯಾಕೆಂದರೆ ಒಮ್ಮೆ ಒಬ್ಬ ಹುಡುಗಿಯ ಪತ್ರಿಕೆಗೆ ಎಣ್ಣೆ ತಾಗಿ, ಮುಂದಿನ ವರ್ಷದವರೆಗೂ ಆ ಮಾತು ಸ್ಟಾಫ್ ರೂಮಿನಲ್ಲಿ ಓಡಾಡಿತ್ತು.

ಆ ಸಲದ ಇಂಟರ್ನಲ್ ಪರೀಕ್ಷೆಯಲ್ಲಿ ಒಂದು ದೊಡ್ಡ ಪ್ರಶ್ನೆಯಿತ್ತು. ನಾಲ್ಕು ಬಗೆಯ ಅಂಕಿಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಒಪ್ಪುವ ಚಿತ್ರ ಆರಿಸಿ, ಬರೆದು, ಕಾರಣ ಹೇಳಿ ಎಂದು. ಒಂದೊಂದಕ್ಕೆ ಐದು ಅಂಕ. ತಿಂಗಳು ತಿಂಗಳಿಗೆ ಬಂದ ಡೆಂಗಿ ರೋಗಿಗಳಿಗೆ ಲೈನ್ ಗ್ರಾಫ್, ಏಕೆಂದರೆ ಕಾಲದ ಜೊತೆ ಏರಿಳಿತ ಕಾಣಬೇಕು. ರಕ್ತದ ಗುಂಪುಗಳಿಗೆ ಬಾರ್ ಚಾರ್ಟ್, ನಡುವೆ ಸಂದು ಬಿಟ್ಟು. ಒಂದು ಗುಂಪು ಇನ್ನೊಂದರೊಳಗೆ ಹರಿಯುವುದಿಲ್ಲವಲ್ಲ. ಮಕ್ಕಳ ಎತ್ತರ ಮತ್ತು ತೂಕಕ್ಕೆ ಸ್ಕ್ಯಾಟರ್, ಒಂದು ಮಗುವಿಗೆ ಒಂದು ಚುಕ್ಕಿ. ವಯಸ್ಸಿನ ಪ್ರಕಾರ ಭೇದಿ ರೋಗಿಗಳಿಗೆ ಹಿಸ್ಟೋಗ್ರಾಮ್, ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು. ವಯಸ್ಸು ಕಡಿಯದೆ ಸಾಗುವಂಥದ್ದು.

ಎಲ್ಲ ವರ್ಷದಂತೆ ತಮಾಷೆಗಳೂ ಇದ್ದವು. ಒಬ್ಬಳು ಸ್ಕ್ಯಾಟರ್‌ನ ಚುಕ್ಕಿಗಳನ್ನೆಲ್ಲ ರಂಗೋಲಿಯಂತೆ ಗೆರೆಯಿಂದ ಜೋಡಿಸಿದ್ದಳು. ಇನ್ನೊಬ್ಬಳು ರಕ್ತದ ಗುಂಪಿಗೆ ಲೈನ್ ಗ್ರಾಫ್ ಬರೆದಿದ್ದಳು, 'ಎ'ಯಿಂದ 'ಓ'ಗೆ ರೋಗಿಗಳು ನಡೆದು ಹೋದಂತೆ. ನಗುತ್ತಾ ಅಂಕ ಕಳೆದೆ.

ಆಮೇಲೆ ಯಾದಗಿರಿ ಕಡೆಯ ಹುಡುಗಿಯ ಪತ್ರಿಕೆ ಬಂತು. ಅವಳ ತಂದೆ ತಾಯಿ ಗಚ್ಚಿಬೌಲಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದರು. ತೆಲುಗು ಮಾತಾಡುವ ಇಡೀ ತರಗತಿಯಲ್ಲಿ ನನ್ನ ಜೊತೆ ಕನ್ನಡ ಮಾತಾಡುವವಳು ಅವಳೊಬ್ಬಳೇ. ಮೂರು ಚಿತ್ರಗಳ ಆಯ್ಕೆ ಸರಿಯಿತ್ತು, ಆದರೆ ಕಾರಣ ಬರೆಯುವಲ್ಲಿ ಇಂಗ್ಲಿಷ್ ಸಾಲದೆ ಅಂಕ ಕಳೆದುಕೊಂಡಿದ್ದಳು. ನಾಲ್ಕನೆಯ ಚಿತ್ರ ಮಾತ್ರ ವಿಚಿತ್ರವಾಗಿತ್ತು. ಪ್ರಶ್ನೆಯಲ್ಲಿ ಹುಟ್ಟಿನಿಂದ ಐದು ವರ್ಷದವರೆಗೆ ಇಪ್ಪತ್ತು ರೋಗಿಗಳು, ಐದರಿಂದ ಹದಿನೈದಕ್ಕೆ ಮೂವತ್ತು, ಹದಿನೈದರಿಂದ ನಲವತ್ತೈದಕ್ಕೆ ನಲವತ್ತೈದು ಎಂದಿತ್ತು. ನನ್ನ ಮಾದರಿ ಉತ್ತರದಲ್ಲಿ ಮೂರೂ ಪಟ್ಟಿ ಒಂದೇ ಅಗಲ, ಎತ್ತರ ಇಪ್ಪತ್ತು, ಮೂವತ್ತು, ನಲವತ್ತೈದು. ಇವಳದರಲ್ಲಿ ಮೊದಲ ಪಟ್ಟಿ ಸಣಕಲಾಗಿ ಎಲ್ಲಕ್ಕಿಂತ ಎತ್ತರ, ಕೊನೆಯದು ಹಾಸಿಗೆಯಂತೆ ಅಗಲವಾಗಿ ಗಿಡ್ಡ. ಬದಿಯಲ್ಲಿ ನಾಲ್ಕು, ಮೂರು, ಒಂದೂವರೆ ಎಂಬ ಅಂಕಿಗಳು.

'ಎತ್ತರ ಕೊಟ್ಟ ಅಂಕಿಗೆ ಹೊಂದುತ್ತಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದು ಸೊನ್ನೆ ಸುತ್ತಿದೆ. ಒಟ್ಟು ಐವತ್ತಕ್ಕೆ ಇಪ್ಪತ್ಮೂರು. ಇಪ್ಪತ್ತೈದು ಬಾರದೆ ಯೂನಿವರ್ಸಿಟಿ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಹೋಗುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮರುದಿನ ಪತ್ರಿಕೆ ಹಂಚುವಾಗ ಅವಳದನ್ನು ಎತ್ತಿ ಹಿಡಿದೆ. ಕನ್ನಡದಲ್ಲೇ ಕೇಳಿದೆ, "ಏನವ್ವಾ, ಇದು ಹಿಸ್ಟೋಗ್ರಾಮ್ ಏನ, ನಿಮ್ಮಪ್ಪ ಕಟ್ಟಾಕತ್ತಿರೋ ಬಿಲ್ಡಿಂಗಿನ ಮೆಟ್ಲ?"

ಮಾತು ತಿಳಿಯದಿದ್ದರೂ ಚಿತ್ರ ನೋಡಿ ಹುಡುಗಿಯರು ನಕ್ಕರು. ಮಾತು ತಿಳಿದವಳು ಅವಳೊಬ್ಬಳೇ. ಅವಳು ಪತ್ರಿಕೆ ತಗೊಂಡು ನಾಲ್ಕಾಗಿ ಮಡಿಚಿದಳು.

ಪರೀಕ್ಷೆಗೆ ಕೂರುವವರ ಪಟ್ಟಿ ಆಫೀಸಿಗೆ ಹೋಗಬೇಕಾದ ಹಿಂದಿನ ದಿನ, ಊಟದ ಹೊತ್ತಿಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ನಾನು ಪುಂಡಿಪಲ್ಯ ರೊಟ್ಟಿಯ ಡಬ್ಬಿ ಬಿಚ್ಚಿದ್ದೆ.

"ಮೇಡಂ, ಒಂದ್ ಮಾತ್ ಕೇಳ್ಲೇನ್ರಿ?"

"ಮಾರ್ಕ್ಸ್ ಕೇಳಾಕ ಬಂದಿದ್ರ ಹೋಗ್ಬಿಡು."

"ಮಾರ್ಕ್ಸ್ ಅಲ್ರಿ. ಜೋಳದ್ದು." ನನಗೆ ನಗು ಬಂತು, ಕುಂದ್ರು ಎಂದೆ. ಅವಳು ಕೂರಲಿಲ್ಲ. "ಒಂದ್ ಸೇರು ಜೋಳ ಕೇರೋ ಮರದಾಗ ಹಾಕಿದ್ರ ದಪ್ಪ ಕುಂದ್ರತೈತ್ರಿ. ಅದನ್ನ ಜಮಖಾನಿ ಮ್ಯಾಲ ಹರವಿದ್ರ ತೆಳ್ಳಗಾಕ್ಕೈತಿ. ಜೋಳ ಅಷ್ಟ ಇರತೈತಲ್ರಿ?"

"ಹೌದು. ಅದಕ್ಕೇನೀಗ?"

"ಇಪ್ಪತ್ತು ಮಂದಿ ಐದ ವರ್ಷದಾಗ ಅದಾರ್ರಿ. ವರ್ಷಕ್ಕ ನಾಕು. ನಲವತ್ತೈದು ಮಂದಿ ಮೂವತ್ತ ವರ್ಷದಾಗ ಹರವ್ಯಾರ, ವರ್ಷಕ್ಕ ಒಂದೂವರಿ. ನಿಮ್ಮಂಗ ತೆಗದ್ರ ದೊಡ್ಡೋರಿಗೇ ಭೇದಿ ಭಾಳ ಅಂತ ಕಾಣ್ತೈತ್ರಿ. ಖರೇ ಅಂದ್ರ ಸಣ್ಣ ಕೂಸುಗಳ ಮ್ಯಾಲ ಹೆಚ್ಚು ಬಿದ್ದೈತಿ. ಲೈಬ್ರರಿ ಪುಸ್ತಕದಾಗೂ ಹಂಗ ಐತ್ರಿ. ಗುಂಪಿನ ಅಗಲ ಬ್ಯಾರೆ ಬ್ಯಾರೆ ಇದ್ರ, ಎತ್ತರ ಅಲ್ಲ, ಪಟ್ಟಿಯ ಜಾಗ ಲೆಕ್ಕಕ್ಕ ಬರತೈತಂತ."

ರೊಟ್ಟಿ ಡಬ್ಬಿಗಿಟ್ಟೆ. ಆ ಮಾದರಿ ಉತ್ತರ ಮೂಲತಃ ನನ್ನದಲ್ಲ. ನಾನು ಕೆಲಸಕ್ಕೆ ಸೇರಿದಾಗ ನಿವೃತ್ತರಾಗುತ್ತಿದ್ದ ಮೇಡಂ ಒಬ್ಬರು ಕೊಟ್ಟ ಹಾಳೆ. ವರ್ಷವೂ ಅಂಕಿ ಬದಲಿಸಿ ಮತ್ತೆ ನಕಲು ಮಾಡುತ್ತಿದ್ದೆ. ಅವರ ಕಾಲದ ಪ್ರಶ್ನೆಯಲ್ಲಿ ಗುಂಪುಗಳೆಲ್ಲ ಹತ್ತು ಹತ್ತು ವರ್ಷದವು. ಅಲ್ಲಿ ಎತ್ತರ ನೋಡಿದರೂ ಸರಿಯೇ. ಕೆಲವು ವರ್ಷದ ಹಿಂದೆ ಗುಂಪುಗಳನ್ನು ಒಡೆದು ಸಣ್ಣದು ದೊಡ್ಡದು ಮಾಡಿದವಳು ನಾನು. ಪ್ರಶ್ನೆ ಹೊಸದಾಗಿ ಕಾಣಲಿ ಅಂತ.

"ಮೊದ್ಲ ಯಾಕ ಹೇಳ್ಲಿಲ್ಲ?" ಅಂದೆ.

"ಕ್ಲಾಸಿನಾಗ ಎಲ್ರೂ ನಗಾಕತ್ತಿದ್ರಲ್ರಿ" ಎಂದಳು.

ಅವಳನ್ನು ಕಳಿಸಿ ರಿಜಿಸ್ಟರ್ ತೆಗೆದೆ. ಇಪ್ಪತ್ಮೂರು ಹೊಡೆದು ಇಪ್ಪತ್ತೆಂಟು ಬರೆದೆ. ಅಂಕ ಬದಲಿಸಿದರೆ ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಬೇಕು. ನಾನು ಬರೆದದ್ದು: 'ಒಟ್ಟು ಕೂಡುವಲ್ಲಿ ತಪ್ಪಾಗಿತ್ತು.'

ವಿಭಾಗದ ಮುಖ್ಯಸ್ಥರು ಸಹಿ ಹಾಕುತ್ತಾ, "ಕ್ಯಾ ಮೇಡಂ, ಕೂಡೋದೂ ಮರೆತುಹೋಯ್ತಾ?" ಎಂದು ನಕ್ಕರು. ನಾನೂ ನಕ್ಕೆ. ಕೂಡಲು ಬಾರದವಳು ಅನ್ನಿಸಿಕೊಳ್ಳುವುದು, ಕಲಿಸುವುದೇ ತಪ್ಪು ಅನ್ನಿಸಿಕೊಳ್ಳುವುದಕ್ಕಿಂತ ಹಗುರ ಅಂತ ಆಗ ಕಂಡಿತ್ತು.

ಸಂಜೆ ಬಸ್ ಸ್ಟಾಪಿನಲ್ಲಿ ಅವಳು ಸಿಕ್ಕಳು. ಪಟ್ಟಿಯಲ್ಲಿ ನಿನ್ನ ಹೆಸರೈತಿ ಎಂದೆ. ಅವಳ ಮುಖ ಅರಳಿತು, ಕೈ ಮುಗಿದಳು. ಅದನ್ನು ನೋಡಲಾಗದೆ ಬಸ್ಸು ಬರುವ ದಿಕ್ಕಿಗೆ ತಿರುಗಿದೆ.

"ಮೇಡಂ, ಯೂನಿವರ್ಸಿಟಿ ಪರೀಕ್ಷಾದಾಗ ಇಂಥಾದ್ದು ಬಂದ್ರ ಯಾವ್ದು ಬರೀಲ್ರಿ? ನಿಮ್ದ, ನಂದ?"

"ನಿಂದ ಬರಿ."

"ಉಳದವ್ರು ನಿಮ್ದ ಬರೀತಾರಲ್ರಿ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಗೆಳತಿಯರ ಚಿಂತೆ, ಅಷ್ಟೇ.

ಮರುದಿನ ಮೊದಲ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಅದೇ ಸಣಕಲು ಪಟ್ಟಿ, ಅದೇ ಹಾಸಿಗೆಯಂಥ ಪಟ್ಟಿ ಬರೆದೆ. ಇಷ್ಟು ದಿನ ನಾನು ಹೇಳಿಕೊಟ್ಟದ್ದು ತಪ್ಪು, ನಾನು ಸೊನ್ನೆ ಹಾಕಿದ ಉತ್ತರವೇ ಸರಿ ಎಂದು ತೆಲುಗಿನಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಚುಕ್ಕಿಗಳಿಗೆ ರಂಗೋಲಿ ಹಾಕಿದ್ದ ಹುಡುಗಿ ಕೈ ಎತ್ತಿ, "ಹಾಗಾದ್ರೆ ನಮ್ಮ ಸೀನಿಯರ್ಸು ಎಲ್ಲಾ ತಪ್ಪೇ ಬರ್ದು ಹೋದ್ರಾ ಮೇಡಂ?" ಎಂದು ಕೇಳಿದಳು.

ಅವರಲ್ಲೂ ಯಾರಾದರೂ ಹೀಗೆ ಸಣಕಲು ಪಟ್ಟಿ ಬರೆದಿದ್ದರೋ, ನಾನು ಸೊನ್ನೆ ಸುತ್ತಿದ್ದೆನೋ, ನೆನಪಿಲ್ಲ. ಗೊತ್ತಿಲ್ಲ ಎಂದೆ. ಯಾದಗಿರಿಯ ಹುಡುಗಿ ತಲೆ ಎತ್ತದೆ ಬೋರ್ಡಿನಲ್ಲಿದ್ದುದನ್ನು ಬರೆದುಕೊಳ್ಳುತ್ತಿದ್ದಳು, ತನಗೆ ಹೊಸದು ಎನ್ನುವ ಹಾಗೆ.

ಅವಳು ಪಾಸಾಗಿ ಹೋದಳು. ಮೆಟ್ಟಿಲಿನ ಮಾತಿಗೆ ಮಾತ್ರ ನಾನು ಅವಳ ಕ್ಷಮೆ ಕೇಳಲಿಲ್ಲ. ಕನ್ನಡದಲ್ಲಿ ಆಡಿದ್ದನ್ನು ಕನ್ನಡದಲ್ಲೇ ಹಿಂದಕ್ಕೆ ತಗೊಳ್ಳಬೇಕಿತ್ತು. ರಿಜಿಸ್ಟರ್ ಸ್ಟಾಫ್ ರೂಮಿನ ಬೀರುವಿನಲ್ಲಿದೆ. ಹೊಸ ಹಾಳೆ ತೆಗೆಯುವಾಗ ಕೆಲವೊಮ್ಮೆ ಆ ಪುಟ ಸಿಗುತ್ತದೆ. ಒಟ್ಟು ಕೂಡುವಲ್ಲಿ ತಪ್ಪಾಗಿತ್ತು, ಕೆಳಗೆ ನನ್ನ ಸಹಿ.