ಅಕ್ಕನ ಸೀರೆ, ಫ್ಲಾಶಿನ ಬೆಳಕು

ಅಕ್ಕನ ಮದುವೆ ಸೀರೆಯನ್ನು ಹಾಳು ಮಾಡಿದ್ದು ಫ್ಲಾಶ್. ಫೋಟೋ ಹಳೆಯದಾಗಿ ಬಣ್ಣ ಮಾಸಿದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳು. ಸ್ಟುಡಿಯೋದಲ್ಲಿ ಫೋಟೋ ತೊಳೆಸಿ ತಂದ ದಿನವೇ ಅದು ಹಾಗಿತ್ತು. ಎದುರಿನಿಂದ ರಪ್ಪನೆ ಬಿದ್ದ ಬೆಳಕಿಗೆ ಹೆಗಲ ಮೇಲೊಂದು ಬಿಳಿ ತೇಪೆ, ಸೊಂಟದಲ್ಲಿ ಇನ್ನೊಂದು. ನೆರಿಗೆಗಳು ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ. ಸೆರಗಿನ ಜರಿ ಒಂದು ಕಡೆ ಸುಣ್ಣ, ಇನ್ನೊಂದು ಕಡೆ ಮಸಿ.

ಅಕ್ಕನದು ಇರುವುದು ಅದೊಂದೇ ಫೋಟೋ. ಮದುವೆಯಾದ ಮೂರನೇ ವರ್ಷ ಹೋದಳು. ಅದೇ ಸೀರೆ ಉಡಿಸಿ ಮಣ್ಣು ಮಾಡಿದರು.

ಆ ಸೀರೆಯನ್ನು ಹಗಲು ಬೆಳಕಲ್ಲಿ ನೋಡಿದವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ಮದುವೆಯ ದಿನ ಬೆಳಿಗ್ಗೆ ಹೊಳಲೂರಿನ ನಮ್ಮ ತವರುಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ನಾನು ಕೆಳಗೆ ಕೂತು ನೆರಿಗೆ ಎಳೆದು ಸರಿ ಮಾಡುತ್ತಿದ್ದೆ. ಹಾಸಿನ ಉದ್ದದ ಎಳೆ ಹಸಿರು, ಹೊಕ್ಕಿನ ಅಡ್ಡ ಎಳೆ ಕೆಂಪು. ಅವಳು ಅಲುಗಿದಾಗೆಲ್ಲ ಬಣ್ಣ ತಿರುಗುತ್ತಿತ್ತು. ಅದನ್ನು ಇನ್ನೊಂದು ಸಲ ನೋಡಬೇಕು ಅನ್ನುವುದು ನನ್ನ ಆಸೆ. ಬೇರೇನೂ ಕೇಳಿದವಳಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಶಿವಮೊಗ್ಗದ ರೇಷ್ಮೆ ಅಂಗಡಿಯೊಂದರಲ್ಲಿ ಬಹಳ ವರ್ಷ ಸೀರೆ ಬಿಚ್ಚಿ ತೋರಿಸಿ ಮಡಚಿದ್ದೇನೆ. ಟ್ಯೂಬ್‌ಲೈಟ್ ಕೆಳಗೆ ಸೀರೆ ಆರಿಸಿದ ಗಿರಾಕಿ ಅದನ್ನು ಬಾಗಿಲಿಗೆ ಒಯ್ದು ಹಗಲಿಗೆ ಹಿಡಿದು ನೋಡದೆ ದುಡ್ಡು ಬಿಚ್ಚುತ್ತಿರಲಿಲ್ಲ. ಅದೇ ನನಗೆ ವಿದ್ಯೆ.

ಮೊಮ್ಮಗಳು ಭದ್ರಾವತಿ ಓಲ್ಡ್ ಟೌನಿನ ಸೀರೆ ಅಂಗಡಿಯಲ್ಲಿ ಫೋಟೋ ಮಾಡಿಕೊಡುತ್ತಾಳೆ. ಸೀರೆಯ ಫೋಟೋ ಕೊಟ್ಟು, ಹೇಗೆ ಬೇಕೆಂದು ಬರೆದರೆ ಕಂಪ್ಯೂಟರ್ ಯಾವುದೋ ಹುಡುಗಿಗೆ ಉಡಿಸಿ ತೋರಿಸುತ್ತದೆ. ಅಕ್ಕನ ಫೋಟೋ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ.

ಅವಳು ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಏನೋ ಕುಟ್ಟಿದಳು. ಚಿತ್ರ ಬಂತು.

"ಏನೇ ಇದು? ಅಕ್ಕನಿಗೆ ಸ್ಯಾಟಿನ್ ಲಂಗ ಉಡಿಸಿದ್ದೀಯಲ್ಲ!"

"ಥಳಥಳ ಹೊಳೆಯೋ ಸಿಲ್ಕ್ ಅಂತ ಬರೆದೆ ಅಜ್ಜಿ. ರೇಷ್ಮೆ ಅಂದ್ರೆ ಹೊಳೀಬೇಡ್ವಾ?"

"ಹೊಳೀಲಿ. ಎಣ್ಣೆ ಸುರಿದ ಹಾಗಿರಬಾರ್ದು. ಸ್ಯಾಟಿನ್ನು ನುಣ್ಣಗೆ ಪಟ್ಟೆ ಪಟ್ಟೆಯಾಗಿ ಮಿಂಚತ್ತೆ, ಪಕ್ಕದಲ್ಲೇ ಕಪ್ಪಗಾಗತ್ತೆ. ಇದು ಕೈಮಗ್ಗದ್ದು ಮಾರಾಯ್ತಿ, ಎಳೆ ಎಳೆಯಾಗಿ ಹೊಳೀತದೆ."

"ಹಾಗಾದ್ರೆ ನೀನೇ ಹೇಳು. ನಾನು ಇಂಗ್ಲಿಷಲ್ಲಿ ಹಾಕ್ತೀನಿ."

ಹೇಳಿದೆ. ಫ್ಲಾಶ್ ಬೇಡ. ಬೆಳಕು ಎಡಗಡೆಯ ಬಾಗಿಲಿಂದ ಬರಲಿ, ಮೋಡ ಕವಿದ ಬೆಳಗಿನದು, ಅಡ್ಡವಾಗಿ. ಹೊಳಪು ಬಾಗಿಲ ಕಡೆ ತಿರುಗಿದ ನೆರಿಗೆಯ ಉಬ್ಬಿದ ಏಣಿನ ಮೇಲೆ ಮಾತ್ರ. ಅದೂ ಬೆಳ್ಳಗಾಗದೆ ಅಂಚಿನಲ್ಲಿ ಮೆತ್ತಗೆ ಕರಗಬೇಕು. ಏಣಿನ ಮೇಲೆ ಹಸಿರು, ಮಡಿಕೆಯ ಒಳಗೆ ಕೆಂಪು. ಜರಿ ಅಲ್ಲಲ್ಲಿ ಮಿನುಗಿದರೆ ಸಾಕು.

ನಾಲ್ಕನೇ ಸಲಕ್ಕೆ ಬಂತು. ಅದೇ ಸೀರೆ. ನನ್ನ ಕೈ ತಾನಾಗಿ ನೆರಿಗೆಯ ಕಡೆ ಹೋಯಿತು, ಗಾಜು ತಣ್ಣಗಿತ್ತು.

ಆಮೇಲೆ ಮುಖ ನೋಡಿದೆ.

"ಇವಳು ಯಾರು?"

ಬೆಳಕು ಬದಲಾಯಿಸುವಾಗ ಕಂಪ್ಯೂಟರ್ ಮುಖವನ್ನೂ ಹೊಸದಾಗಿ ಬರೆದಿತ್ತು. ಚಂದದ ಹುಡುಗಿ. ಅಕ್ಕ ಅಷ್ಟು ಚಂದ ಇರಲಿಲ್ಲ.

"ತಡಿ ಅಜ್ಜಿ, ಮುಖ ಮುಟ್ಟದೆ ಸೀರೆ ಒಂದನ್ನೇ ಮಾಡ್ತೀನಿ," ಎಂದು ಹಳೆಯ ಮುಖವನ್ನೇ ಉಳಿಸಿದಳು. ಅದು ಇನ್ನೂ ಕೆಟ್ಟದಾಯಿತು. ಮುಖಕ್ಕೆ ಎದುರಿನಿಂದ ಫ್ಲಾಶ್, ಹಣೆ ಬೆಳ್ಳಗೆ, ಕಣ್ಣಲ್ಲಿ ಚುಕ್ಕೆ. ಸೀರೆಗೆ ಪಕ್ಕದಿಂದ ಬೆಳಗು. ಯಾರದೋ ಮೈ ಮೇಲೆ ಅಕ್ಕನ ತಲೆ ಇಟ್ಟ ಹಾಗಿತ್ತು.

"ಎರಡನ್ನೂ ಒಂದೇ ಬೆಳಕಿಗೆ ತಾ."

"ಅಕ್ಕಜ್ಜಿಯ ಮುಖದ ಮೇಲೆ ಹಗಲು ಬೆಳಕು ಹೇಗೆ ಬೀಳ್ತಿತ್ತು ಅಂತ ಇದಕ್ಕೆ ಗೊತ್ತಿಲ್ಲ ಅಜ್ಜಿ. ಇನ್ನೊಂದು ಫೋಟೋ ಇದ್ದಿದ್ರೆ ನೋಡಿ ಕಲೀತಿತ್ತು. ನೀನೇ ಹೇಳ್ತೀಯಾ, ಸೀರೆದು ಹೇಳಿದ ಹಾಗೆ?"

ಸೀರೆಯ ಒಂದೊಂದು ಏಣೂ ಹೇಳಿದ ನನಗೆ ಅಕ್ಕನ ಕೆನ್ನೆ ನೆನಪಿಗೆ ಬರಲಿಲ್ಲ. ಆ ಹೊತ್ತಿಗೆ ನಾನು ಕೆಳಗೆ ಕೂತು ನೆರಿಗೆಯನ್ನೇ ನೋಡುತ್ತಿದ್ದೆನಲ್ಲ. ತಲೆ ಎತ್ತಿರಲಿಲ್ಲ.

"ಅಳಿಸು," ಅಂದೆ.

"ಸೀರೆ ಇಟ್ಕೋತೀನಿ ಅಜ್ಜಿ, ಚೆನ್ನಾಗಿದೆ."

"ಅದೂ ಬೇಡ. ಒಳಗೆ ಅವಳಿಲ್ಲ."

ಅವತ್ತು ಮೊಮ್ಮಗಳನ್ನೂ ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಗೆ ಕರೆದುಕೊಂಡು ಬಂದೆ. ಮಾರನೆಯ ದಿನ ಬೆಳಿಗ್ಗೆ ಎದ್ದು ಪೆಟ್ಟಿಗೆಯಿಂದ ನನ್ನ ರೇಷ್ಮೆ ಸೀರೆ ತೆಗೆದು ಅವಳಿಗೆ ಉಡಿಸಿದೆ. ಬಾಗಿಲ ಹತ್ತಿರ ನಿಲ್ಲಿಸಿ ನೆರಿಗೆ ಸರಿ ಮಾಡಿದೆ. ಮುಗಿದ ಮೇಲೂ ಏಳದೆ, ಕೂತಲ್ಲಿಂದಲೇ ತಲೆ ಎತ್ತಿ ಅವಳ ಮುಖ ನೋಡಿದೆ.

"ಏನಜ್ಜಿ ಹಾಗೆ ನೋಡ್ತೀಯಾ? ಕುಂಕುಮ ಸೊಟ್ಟ ಆಗಿದ್ಯಾ?"

"ಇಲ್ಲ. ಬಾಗಿಲ ಕಡೆ ಸ್ವಲ್ಪ ತಿರುಗು," ಅಂದೆ.