ವಿವರಣೆಯಲ್ಲಿ ಉಳಿದ ಹೆಸರು

ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಮರಳುವ ಜೀವ ನನ್ನದು. ಆನ್‌ಲೈನ್‌ಗೆ ಏರಿಸಿದ ಶಾಲಾ ವಾರ್ಷಿಕೋತ್ಸವದ ವಿಡಿಯೋಗೆ 'ಮೂರನೇ ತರಗತಿ ಕೋಲಾಟ' ಎಂದಷ್ಟೇ ಶೀರ್ಷಿಕೆ ಕೊಟ್ಟು, ಲಿಂಕ್ ಇದ್ದವರಿಗೆ ಮಾತ್ರ ಸಿಗುವಂತೆ ಅನ್‌ಲಿಸ್ಟೆಡ್ ಮಾಡಿ, ಹತ್ತು ಸಲ ಪರೀಕ್ಷಿಸಿದ್ದೆ.

ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು, ಹರಿಯಬ್ಬೆಯಿಂದ ಹೊಸದುರ್ಗಕ್ಕೆ ಮಗಳೊಂದಿಗೆ ಬಂದಿದ್ದ ತಾಯಿಯೊಬ್ಬರು ಮರುದಿನ ಶಾಲೆಗೆ ಓಡಿಬಂದರು.

"ಮಿಸ್, ಯಾರೋ ಲಿಂಕ್‌ನ ನಮ್ಮೂರ ವಾಟ್ಸಾಪ್ ಗ್ರೂಪಿಗೆ ಹಾಕಿದಾರ್ರಿ! ಕೆಳಗೆ ನನ್ನ ಮಗಳ ಪೂರ್ತಿ ಹೆಸರು ಐತಲ್ರಿ! ಹಿಂದಿನ ಬ್ಯಾನರಿನಾಗೆ ಶಾಲೆ ಹೆಸರೂ ಕಾಣ್ತೈತ್ರಿ!"

ಪೋಷಕರಿಗೆ ಹುಡುಕಲು ಸುಲಭವಾಗಲೆಂದು, ವಿಡಿಯೋ ಕೆಳಗಿನ ವಿವರಣೆಯಲ್ಲಿ ಮಕ್ಕಳು ಕಾಣುವ ನಿಮಿಷಗಳ ಪಕ್ಕ ಅವರ ಹೆಸರನ್ನು ತಂದೆಯ ಹೆಸರಿನೊಂದಿಗೆ ಬರೆದ ಜಾಣೆ ನಾನೇ. ಅದನ್ನೆಲ್ಲ ಅಳಿಸಿ, ವಿಡಿಯೋವನ್ನು ಪ್ರೈವೇಟ್ ಮಾಡಿದೆ. ಇನ್ನು ಆ ಲಿಂಕ್ ಯಾರಿಗೂ ತೆರೆಯದು.

"ಅವ್ನು ಆಗ್ಲೇ ನೋಡಿರ್ತಾನೇನ್ರಿ?"

ಎಷ್ಟು ಸಲ ನೋಡಿದ್ದಾರೆಂದು ಪರದೆ ಹೇಳುತ್ತಿತ್ತು. ಯಾರು ನೋಡಿದರೆಂದು ಹೇಳುತ್ತಿರಲಿಲ್ಲ. ನಾನು ಎದ್ದು ಶಾಲೆಯ ಗೇಟಿಗೆ ಬೀಗ ಹಾಕಲು ಓಡಿದೆ.