ಹನ್ನೊಂದು ತಿಂಗಳು ಬಿಟ್ಟುಹೋದ ಲೆಕ್ಕ

ಜೈಲಿನ ಕಚೇರಿಯಲ್ಲಿ ಆ ಗುಮಾಸ್ತರಿಗೆ ‘ಕ್ಯಾಲೆಂಡರ್’ ಎಂದೇ ಹೆಸರು. ವಿಚಾರಣೆ ಮುಗಿಯದೆ ಒಳಗಿರುವವರಲ್ಲಿ ಯಾರಿಗೆ ಯಾವತ್ತು ಬಿಡುಗಡೆಯ ಹಕ್ಕು ಬರುತ್ತದೆಂದು ಪುಸ್ತಕ ಮುಟ್ಟದೆ ಹೇಳುತ್ತಿದ್ದರು. ಆ ಜಂಬ ಅವರಿಗೆ ಇತ್ತು, ಸುಳ್ಳೇಕೆ?

ಅಂಥವರಲ್ಲಿ ಒಬ್ಬ, ಕಚೇರಿಯ ಕಡತ ಹೊಲಿಯುತ್ತಿದ್ದ ದರ್ಜಿ. ಅವನ ಮೇಲೆ ಮನೆಗಳ್ಳತನದ ಕೇಸು. ಹೆಚ್ಚೆಂದರೆ ಏಳು ವರ್ಷ ಶಿಕ್ಷೆಯಾಗಬಹುದಾದದ್ದು. ಮೊದಲ ಸಲ ಸಿಕ್ಕವನು, ಬೇರೆ ಕೇಸಿಲ್ಲ. ಅಂಥವನು ಅದರ ಮೂರನೇ ಒಂದು ಭಾಗ, ಅಂದರೆ ಇಪ್ಪತ್ತೆಂಟು ತಿಂಗಳು ಒಳಗೆ ಕಳೆದರೆ ಜೈಲಿನವರೇ ಕೋರ್ಟಿಗೆ ಅರ್ಜಿ ಹಾಕಬೇಕು. ಮುಂದಿನ ತಿಂಗಳಿಗೆ ಅವನದು ತುಂಬುತ್ತಿತ್ತು. ಅರ್ಜಿ ಬರೆಯಲು ಗುಮಾಸ್ತರು ಹಳೆಯ ವಾರಂಟುಗಳ ಕಟ್ಟು ಬಿಚ್ಚಿದರು. ಮೊದಲನೆಯದರಲ್ಲಿದ್ದ ಬಂಧನದ ತಾರೀಖನ್ನು ಎರಡು ಸಲ ಓದಿದರು.

ಅವನು ಇಲ್ಲಿಗೆ ಬರುವ ಮೊದಲು ಬೇರೊಂದು ಜೈಲಿನಲ್ಲಿ ಹನ್ನೊಂದು ತಿಂಗಳು ಇದ್ದ. ಗುಮಾಸ್ತರು ಎಣಿಸಿದ್ದು ಈ ಜೈಲಿನ ಬಾಗಿಲು ದಾಟಿದ ದಿನದಿಂದ. ಹತ್ತು ತಿಂಗಳ ಹಿಂದೆಯೇ ಅವನು ಮನೆಯಲ್ಲಿರಬೇಕಿತ್ತು.

ಏಳು ತಿಂಗಳ ಹಿಂದೆ, ಸಾಕಿದ ಅಕ್ಕ ತೀರಿಕೊಂಡ ಸುದ್ದಿಯನ್ನು ಅವನಿಗೆ ಹೇಳಿದವರು ಇವರೇ. ಹೆಗಲ ಮೇಲೆ ಕೈಯಿಟ್ಟು, “ಇನ್ನೆಂಟೇ ತಿಂಗಳು, ತಡ್ಕೋಪ್ಪ. ನಿನ್ನ ದಿನ ನನ್ನ ತಲೇಲಿದೆ” ಅಂದಿದ್ದರು. ಈಗ ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಒಂದು ತಿಂಗಳು ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದರ್ಜಿ ಕೈ ಮುಗಿದು ಹೋಗುತ್ತಿದ್ದ. ಅವನು ಹಾಗೆ ಕೈ ಮುಗಿಯುವುದನ್ನು ನೆನೆದೇ ಅವರಿಗೆ ಹೇಸಿಗೆಯಾಯಿತು. ಅರ್ಜಿಯಲ್ಲಿ ನಿಜವಾದ ತಾರೀಖನ್ನೇ ಬರೆದು, ತಡವಾದದ್ದು ತನ್ನ ತಪ್ಪಿನಿಂದ ಎಂದೂ ಸೇರಿಸಿ ಸೂಪರಿಂಟೆಂಡೆಂಟರ ಸಹಿಗೆ ಇಟ್ಟರು. ಅವರು ಓದಿ, ತಲೆಯೆತ್ತದೆ ಸಹಿ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ದರ್ಜಿಯ ಹತ್ತಿರ ಹೋಗಿ ಎಲ್ಲ ಹೇಳಿದರು. ಅವನು ಕಡತಕ್ಕೆ ಚುಚ್ಚಿದ ದಬ್ಬಳವನ್ನು ಹಾಗೇ ಬಿಟ್ಟ.

“ನಮ್ಮಕ್ಕ ಹೋಗಿದ್ದು ನಾನು ಬಿಡುಗಡೆ ಆಗ್ಬೇಕಿದ್ದ ದಿನಕ್ಕಿಂತ ಮುಂಚೇನಾ ಸಾರ್, ಆಮೇಲಾ?”

ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು.

“ಆಮೇಲೆ. ಮೂರು ತಿಂಗಳು ಆದ್ಮೇಲೆ.”

ಅವನು ತಲೆಯಾಡಿಸಿ ಮತ್ತೆ ಹೊಲಿಯತೊಡಗಿದ.

ಅದೇ ವಾರ ಕೋರ್ಟು ಬಾಂಡ್ ಬರೆಸಿಕೊಂಡು ಬಿಡಲು ಹೇಳಿತು. ತಡವಾದದ್ದಕ್ಕೆ ಕಾರಣ ಕೇಳಿ ಗುಮಾಸ್ತರಿಗೆ ನೋಟೀಸೂ ಬಂತು. ಬಿಡುಗಡೆಯ ದಿನ ಅವರು ಪುಸ್ತಕ ತೆರೆದು, ಬಂಧನದ ತಾರೀಖು, ಇವತ್ತಿನ ತಾರೀಖು ಓದಿ, “ಒಟ್ಟು ಮೂವತ್ತೆಂಟು ತಿಂಗಳು. ಇಲ್ಲಿ ಸಹಿ ಹಾಕು” ಎಂದರು.

“ಒಂದ್ನಿಮಿಷ ಸಾರ್,” ಎಂದ ದರ್ಜಿ, ಮೆತ್ತಗೆ. “ನಾನೇ ಒಂದ್ಸಲ ಎಣಿಸ್ಕೋತೀನಿ.”

ಬೆರಳು ಮಡಚುತ್ತ ಒಂದೊಂದೇ ತಿಂಗಳ ಹೆಸರು ಹೇಳುತ್ತ ಹೋದ. ಅವನ ಎಣಿಕೆ ಮುಗಿಯುವವರೆಗೂ ಕ್ಯಾಲೆಂಡರ್ ಪೆನ್ನು ಹಿಡಿದು ಎದುರಿಗೆ ನಿಂತೇ ಇದ್ದರು.